ಮೋಡದ ಹುಣ್ಣಿಮೆಯ ಲೆಕ್ಕ

ಚಿಕ್ಕವೆಂಕಟಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದರೆ ನನಗೆ ಈಗಲೂ ಕೈ ಓಡುವುದಿಲ್ಲ. ಆದರೂ ಬರೆಯುತ್ತೇನೆ. ಅವನ ಕಥೆ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಇಪ್ಪತ್ತು ವರ್ಷ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಟ್ಟವನಿಗೆ ಅವನ ನಡೆ, ನುಡಿ, ಅಂಗಿಯ ಗುಂಡಿ ಎಲ್ಲವೂ ಬಾಯಿಪಾಠ ಆಗಿರುತ್ತದೆ.

ಅವನು ಹೊರಮಾವಿನವನು. ಹದಿನೈದನೇ ವಯಸ್ಸಿಗೆ ಏಣಿ, ಸೀಮೆಎಣ್ಣೆ ಡಬ್ಬ ಹೊತ್ತು ದಂಡು ಪ್ರದೇಶದ ಬೀದಿ ದೀಪ ಹಚ್ಚಲು ಬಂದ. ಕಂಬಕ್ಕೆ ಕರೆಂಟು ಬಂದ ಮೇಲೆ ಏಣಿ ಉಳಿಯಿತು, ಡಬ್ಬ ಹೋಯಿತು, ಕೈಗೆ ಒಂದು ಕೀ ಬಂತು. ಕಾಕ್ಸ್ ಟೌನ್, ಕುಕ್ ಟೌನ್, ಹಲಸೂರಿನ ಸಂದಿಗಳು ಸೇರಿ ನೂರೈವತ್ತು ದೀಪ ಅವನದು. ಐದಾರು ಕಡೆ ಗೋಡೆಗೆ ಹೊಡೆದ ಕಬ್ಬಿಣದ ಪೆಟ್ಟಿಗೆಗಳಿದ್ದವು. ಕೀ ಹಾಕಿ ಪೆಟ್ಟಿಗೆ ತೆಗೆದು ಹಿಡಿ ಕೆಳಗೆ ಎಳೆದರೆ ಒಂದು ಸಾಲು ಬೀದಿ ಹತ್ತಿಕೊಳ್ಳುತ್ತಿತ್ತು. ಓದು ಎರಡನೇ ಕ್ಲಾಸು. ಸಂಬಳ ಮೂವತ್ತು ರೂಪಾಯಿ.

ನಾನು ಮುನಿರಾಜಪ್ಪ, ಮುನಿಸಿಪಾಲಿಟಿಯ ಅದೇ ದೀಪದ ಶಾಖೆಯಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಪಾಸು, ಅದೂ ಲೆಕ್ಕದಲ್ಲಿ ತೊಂಬತ್ತೊಂದು ನಂಬರು. ಹೀಗಿದ್ದೂ ನಮ್ಮ ಎಂಜಿನಿಯರ್ ಖುರ್ಷೀದ್ ಸಾಹೇಬರು ಅವನನ್ನು ಕಂಡರೆ, "ಬನ್ನಿ ಚಿಕ್ಕವೆಂಕಟಪ್ಪ, ಕೂತ್ಕೊಳ್ಳಿ" ಎಂದು ಕುರ್ಚಿ ತೋರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ನನಗೆ ಒಂದು ದಿನವೂ ಕುರ್ಚಿ ತೋರಿಸಿದವರಲ್ಲ. ನಾನು ಫೈಲು ಹಿಡಿದು ನಿಂತಿರಬೇಕು, ಆ ಏಣಿಯವನು ಕಾಲು ಮಡಿಸಿ ಕೂತು ಕಾಫಿ ಹೀರಬೇಕು. ಉರಿಯದೆ ಇರುತ್ತದೆಯೇ?

ಆಫೀಸಿನದು ಹೋಗಲಿ, ಮನೆಯಲ್ಲೂ ಅವನದೇ ಭಜನೆ. ನಮ್ಮಮ್ಮ ಅಕ್ಕಯಮ್ಮ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು. ಗುಮಾಸ್ತನ ತಾಯಿ ಸೊಪ್ಪು ಮಾರುವುದೇನು ಎಂದು ಎಷ್ಟು ಹೇಳಿದರೂ ಕೇಳಿದವಳಲ್ಲ. ದಿನಾ ಸಂಜೆ ಏಳಕ್ಕೆ ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಇನ್ನೂ ನಾಲ್ಕೈದು ಹೆಂಗಸರ ಜೊತೆ ಕೆರೆಯ ಕಡೆಯಿಂದ ಹಲಸೂರಿಗೆ ನಡೆದು ಬರುತ್ತಿದ್ದಳು. ಬಂದು ಕಾಲು ತೊಳೆದು ಕೂತ ತಕ್ಷಣ ಆಡುತ್ತಿದ್ದ ಮೊದಲ ಮಾತೇ ಅವನದು.

"ಆ ಚಿಕ್ಕವೆಂಕಟಪ್ಪ ನೂರು ಕಾಲ ಬಾಳ್ಲಿ ಕಣಪ್ಪ. ದೀಪ ಹಚ್ಚಿಟ್ಟವ್ನೆ, ದಾರಿ ಅಂಗೈ ಹಂಗೆ ಕಾಣ್ತದೆ."

"ಅವ್ನೇನು ಸ್ವಂತ ಎಣ್ಣೆ ಹಾಕಿ ಹಚ್ತಾನಾ? ಸಂಬಳ ಕೊಡ್ತೀವಿ, ಹಚ್ತಾನೆ. ಆ ಸಂಬಳದ ಬಿಲ್ಲು ಬರೆಯೋನು ನಾನು, ಗೊತ್ತಾ?" ಎನ್ನುತ್ತಿದ್ದೆ.

"ಬರಿ, ಬರಿ," ಎನ್ನುವಳು ಅಮ್ಮ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಮಧ್ಯಾಹ್ನ ತನ್ನ ಬುತ್ತಿಯ ರಾಗಿ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆ ಕೊಡುತ್ತಿದ್ದಳು ಎಂಬುದೂ ನನಗೆ ಗೊತ್ತಿತ್ತು.

ನಲವತ್ತೆಂಟನೇ ಇಸವಿ, ಬೇಸಿಗೆ. ಖುರ್ಷೀದ್ ಸಾಹೇಬರು ನನ್ನನ್ನು ಕರೆದರು. ಮೇಜಿನ ಮೇಲೆ ಎರಡು ದೀಪ. ಒಂದು ನಮ್ಮ ಹಳೆಯ ನೂರು ವ್ಯಾಟಿನ ಬಲ್ಬು, ಚಪ್ಪಟೆ ತಗಡಿನ ತಟ್ಟೆ. ಇನ್ನೊಂದು ಅರವತ್ತು ವ್ಯಾಟಿನ ಹೊಸ ಮಾದರಿ. ಅದರೊಳಗಿನ ತಂತಿಯನ್ನು ಸುರುಳಿಯ ಮೇಲೆ ಸುರುಳಿ ಸುತ್ತಿದ್ದರು, ಮೇಲೆ ಬಿಳಿ ಎನಾಮಲಿನ ಆಳವಾದ ಬುಟ್ಟಿ. ಹಳೆಯದು ಅರ್ಧ ಬೆಳಕನ್ನು ಆಕಾಶಕ್ಕೆ ಚೆಲ್ಲುತ್ತಿತ್ತು, ಇದು ಎಲ್ಲವನ್ನೂ ನೆಲಕ್ಕೇ ಹಾಕುತ್ತಿತ್ತು. ಬೀದಿಯಲ್ಲಿ ಬೀಳುವ ಬೆಳಕು ಎರಡರದೂ ಹೆಚ್ಚು ಕಡಿಮೆ ಒಂದೇ.

"ಚಿಕ್ಕವೆಂಕಟಪ್ಪನ ನೂರೈವತ್ತು ದೀಪ ಮೊದಲು ಬದಲಾಯಿಸ್ಬೇಕು ಅಂತ ಇದೀನಿ. ಖರ್ಚೆಷ್ಟು, ಉಳಿತಾಯ ಎಷ್ಟು, ಒಂದು ವರದಿ ಬರೀರಿ. ಹಾಕಿದ ದುಡ್ಡು ಮೂರು ವರ್ಷದೊಳಗೆ ವಾಪಸ್ ಬಂದ್ರೆ ಮಾತ್ರ ಕಮಿಟಿ ಒಪ್ಪುತ್ತೆ. ಒಪ್ಪಿದ್ರೆ ಹೆಡ್ ಗುಮಾಸ್ತನ ಜಾಗಕ್ಕೆ ನಿಮ್ಮ ಹೆಸರು ಬರೀತೀನಿ," ಎಂದರು ಸಾಹೇಬರು. ನನ್ನ ಎದೆ ಹಿಗ್ಗಿತು. ಆಮೇಲೆ ಹೇಳಿದರು, "ದೀಪ ಎಷ್ಟು ಗಂಟೆ ಉರಿಯುತ್ತೆ ಅಂತ ಚಿಕ್ಕವೆಂಕಟಪ್ಪನ್ನ ಕೇಳಿ."

ಕೇಳಲಿಲ್ಲ. ಅವನನ್ನು ಕೇಳಿ ಬರೆಯುವುದಾದರೆ ನನ್ನ ತೊಂಬತ್ತೊಂದು ನಂಬರು ಯಾತಕ್ಕೆ? ಕತ್ತಲಾದಾಗಿನಿಂದ ಬೆಳಗಾಗುವವರೆಗೆ ದಿನಕ್ಕೆ ಹನ್ನೊಂದು ಗಂಟೆ, ವರ್ಷಕ್ಕೆ ನಾಲ್ಕು ಸಾವಿರ ಎಂದು ಹಾಕಿದೆ. ದೀಪಕ್ಕೆ ನಲವತ್ತು ವ್ಯಾಟು ಉಳಿತಾಯ ಎಂದರೆ ವರ್ಷಕ್ಕೆ ನೂರ ಅರವತ್ತು ಯೂನಿಟ್ಟು. ಯೂನಿಟ್ಟಿಗೆ ಒಂದಾಣೆಯಂತೆ ಹತ್ತು ರೂಪಾಯಿ. ಹೊಸ ಬಲ್ಬು ನಾಲ್ಕಾಣೆ ದುಬಾರಿ. ಹಳೆಯದಾಗಲಿ ಹೊಸದಾಗಲಿ ಸಾವಿರ ಗಂಟೆಗೆ ಸುಟ್ಟುಹೋಗುತ್ತದೆ, ಹಾಗಾಗಿ ವರ್ಷಕ್ಕೆ ನಾಲ್ಕು ಬಲ್ಬಿಗೆ ಒಂದು ರೂಪಾಯಿ ಕಳೆಯಬೇಕು. ಉಳಿದದ್ದು ಒಂಬತ್ತು. ಬುಟ್ಟಿ, ಹೋಲ್ಡರು, ಕೂಲಿ ಸೇರಿ ದೀಪಕ್ಕೆ ಖರ್ಚು ಹದಿನೆಂಟು ರೂಪಾಯಿ. ಎರಡೇ ವರ್ಷಕ್ಕೆ ದುಡ್ಡು ವಾಪಸ್! ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಕೊಟ್ಟೆ.

ಸಾಹೇಬರು ಎರಡು ಸಲ ಓದಿದರು. ಆಮೇಲೆ ಎದ್ದು ಗುಮಾಸ್ತರ ಕೋಣೆಗೆ ಬಂದು ನನ್ನ ಕುರ್ಚಿಯ ಹಿಂದಿನ ಗೋಡೆಗೆ ಬೆರಳು ತೋರಿಸಿದರು. "ಅದೇನ್ರೀ ಅದು?"

ಅದು ಬೆಳದಿಂಗಳ ಪಟ್ಟಿ. ಹೊರಗಿನ ಬಡಾವಣೆಗಳಿಗೆ ಮಾಡಿದ್ದ ಹಳೆಯ ಕಟ್ಟಳೆ. ಚಂದ್ರ ಇರುವಷ್ಟು ಹೊತ್ತು ದೀಪ ಹಚ್ಚಬಾರದು. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಚಂದ್ರ ಮುಳುಗಿದ ಮೇಲೆ ಹಚ್ಚಬೇಕು, ಹುಣ್ಣಿಮೆ ಕಳೆದ ಮೇಲೆ ಚಂದ್ರ ಹುಟ್ಟುವವರೆಗೆ ಮಾತ್ರ, ಹುಣ್ಣಿಮೆಯ ದಿನ ಹಚ್ಚುವಂತೆಯೇ ಇಲ್ಲ. ಪಂಚಾಂಗ ನೋಡಿ ವರ್ಷ ವರ್ಷ ಆ ಪಟ್ಟಿಯ ನಕಲು ಮಾಡುತ್ತಿದ್ದವನು ನಾನೇ! ಹನ್ನೊಂದು ವರ್ಷ ನನ್ನ ತಲೆಯ ಮೇಲೇ ತೂಗುತ್ತಿದ್ದದ್ದು ಲೆಕ್ಕ ಹಾಕುವಾಗ ಕಣ್ಣಿಗೆ ಬೀಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತು.

ಪಟ್ಟಿಯ ಗಂಟೆ ಕೂಡಿದೆ. ವರ್ಷಕ್ಕೆ ಎರಡು ಸಾವಿರದ ನಾನೂರು. ಒಂಬತ್ತು ರೂಪಾಯಿ ಉಳಿತಾಯ ಐದು ರೂಪಾಯಿ ಆರಾಣೆ ಚಿಲ್ಲರೆಗೆ ಇಳಿಯಿತು. ದುಡ್ಡು ವಾಪಸ್ ಬರಲು ಮೂರು ವರ್ಷ ನಾಲ್ಕು ತಿಂಗಳು. ಹೋಯಿತು! ಹೆಡ್ ಗುಮಾಸ್ತನ ಜಾಗವೂ ಅದರ ಜೊತೆಗೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಒಂದೊಂದು ಅಂಕಿನೂ ಅಲ್ಲಾಡ್ಸಿ ನೋಡಿ," ಎಂದರು ಸಾಹೇಬರು. "ಗಂಟೆ ಹೆಚ್ಚು ಕಮ್ಮಿ ಆದ್ರೆ ಏನಾಗುತ್ತೆ, ದರ ಇಳಿದ್ರೆ ಏನಾಗುತ್ತೆ, ಬಲ್ಬು ಬೇಗ ಹೋದ್ರೆ ಏನಾಗುತ್ತೆ. ಯಾವ್ದು ಅಲ್ಲಾಡಿದ್ರೆ ಮನೆ ಬೀಳುತ್ತೆ ಅಂತ ಗೊತ್ತಾಗ್ಬೇಕು. ಒಂದೊಂದು ಅಂಕಿನೂ ಯಾವ್ದರ ಮೇಲೆ ನಿಂತಿದೆ ಅಂತ ಬರೀಬೇಕು. ಮತ್ತೆ, ಚಿಕ್ಕವೆಂಕಟಪ್ಪನ್ನ ಕೇಳಿ ಅಂದಿದ್ನಲ್ಲ, ಕೇಳಿದ್ರಾ?"

ಹಲ್ಲು ಕಚ್ಚಿಕೊಂಡು ಹೋದೆ. ಬಿಲ್ಲು ನೋಡಿ ಗಂಟೆ ತಿಳಿಯೋಣವೆಂದರೆ ಅವನ ಸಾಲಿಗೆ ಬೇರೆ ಮೀಟರಿರಲಿಲ್ಲ. ಬಜಾರಿನ ದೀಪವೂ ಅದೂ ಒಂದೇ ಮೀಟರಿನಲ್ಲಿ ಓಡುತ್ತಿದ್ದವು. ಅವನು ಉಗ್ರಾಣದ ಮುಂದೆ ಏಣಿಗೆ ಹಗ್ಗ ಬಿಗಿಯುತ್ತಾ ಕೂತಿದ್ದ.

"ಏನಯ್ಯ, ದೀಪ ಎಷ್ಟು ಹೊತ್ತು ಉರೀತದೆ? ಪಟ್ಟಿ ಪ್ರಕಾರ ತಾನೆ?"

ಅವನು ಎದ್ದು ನಿಂತ. ಒಳಗೆ ಹೋಗಿ ಗೋಣಿಚೀಲದಡಿಯಿಂದ ಎಣ್ಣೆ ಹಿಡಿದ ಒಂದು ನೋಟ್‌ಬುಕ್ ತಂದ. ಪುಟದ ತುಂಬ ಸಾಲಾಗಿ ಸೊನ್ನೆಗಳು. ಪಕ್ಕದಲ್ಲಿ ಹಚ್ಚಿದ ಹೊತ್ತು, ಆರಿಸಿದ ಹೊತ್ತು. ಕೆಲವು ಸೊನ್ನೆಗಳ ಮೇಲೆ ಅಡ್ಡ ಗೀಟು.

"ಸೊನ್ನೆ ಅಂದ್ರೆ ಬೆಳದಿಂಗ್ಳು ಗುಮಾಸ್ತ್ರೇ. ಗೀಟು ಅಂದ್ರೆ ಮೋಡ."

"ಮೋಡ ಇದ್ರೆ?"

"ಹಚ್ತೀನಿ."

"ಯಾರಪ್ಪಣೆ ಮೇಲೆ?"

"ಚಂದ್ರ ಐತೆ ಅಂತ ಪಟ್ಟಿ ಹೇಳ್ತದೆ. ತಲೆ ಎತ್ತಿ ನೋಡಿದ್ರೆ ಇರಲ್ಲ. ಮಾರ್ಕೆಟ್ಟಿಂದ ಹೆಂಗಸ್ರು ಬರೋ ಹೊತ್ತು. ಪಟ್ಟಿ ನೋಡ್ಲಾ, ಮ್ಯಾಲೆ ನೋಡ್ಲಾ?" ಎಂದು ತಲೆ ಕೆರೆದುಕೊಂಡ.

ಅಂದು ರಾತ್ರಿಯ ಊಟಕ್ಕೆ ಮುಂಚೆ ಕೂತು ಆ ನೋಟ್‌ಬುಕ್ ಕೂಡಿದೆ. ಮಳೆಗಾಲದ ಗೀಟುಗಳೆಲ್ಲ ಸೇರಿ ವರ್ಷಕ್ಕೆ ಆರುನೂರು ಗಂಟೆ ಜಾಸ್ತಿ. ಎಲ್ಲ ಸೇರಿ ಮೂರು ಸಾವಿರ. ಮೂರು ಸಾವಿರಕ್ಕೆ ಉಳಿತಾಯ ಆರು ರೂಪಾಯಿ ಹನ್ನೆರಡಾಣೆ, ದುಡ್ಡು ವಾಪಸ್ ಬರಲು ಎರಡು ವರ್ಷ ಎಂಟು ತಿಂಗಳು. ಮೂರು ವರ್ಷದೊಳಗೇ! ಒಂದೊಂದನ್ನೇ ಅಲ್ಲಾಡಿಸಿದೆ. ಬಲ್ಬು ಸಾವಿರದ ಬದಲು ಏಳುನೂರು ಗಂಟೆಗೇ ಹೋದರೂ ಎರಡು ವರ್ಷ ಹತ್ತು ತಿಂಗಳು, ಪರವಾಗಿಲ್ಲ. ದರ ಮುಕ್ಕಾಲಾಣೆಗೆ ಇಳಿದರೆ ಮೂರು ವರ್ಷ ಎಂಟು ತಿಂಗಳಾಗಿ ಬೀಳುತ್ತದೆ, ಆದರೆ ದರ ಇನ್ನೂ ಐದು ವರ್ಷಕ್ಕೆ ಕರಾರಾಗಿತ್ತು. ಗಂಟೆ ಎರಡು ಸಾವಿರದ ಏಳುನೂರಕ್ಕಿಂತ ಕೆಳಗೆ ಇಳಿದರೂ ಬೀಳುತ್ತದೆ. ಅಂದರೆ ಇಡೀ ವರದಿ ನಿಂತಿದ್ದು ಆ ಎರಡನೇ ಕ್ಲಾಸಿನವನು ಎಳೆದ ಗೀಟುಗಳ ಮೇಲೆ. ನನ್ನ ಬಡ್ತಿಗೂ ಅವನೇ ಬೇಕಾ? ಥೂ ನನ್ನ ಹಣೆಬರಹವೇ ಎನ್ನಿಸಿತು.

ಮಾರನೆಯ ದಿನ ಅವನನ್ನು ಕೇಳಿದೆ, "ಇದನ್ನ ವರದೀಲಿ ಬರೀತೀನಿ. ಆಗ್ಬೋದಾ?"

"ಬರೆದ್ರೆ ಹೊಸ ದೀಪ ಬರ್ತವಾ?"

"ಬರ್ತವೆ."

"ಹಂಗಾದ್ರೆ ಬರ್ಕಳಿ," ಎಂದ. ನನ್ನ ಕೈಲಿದ್ದ ನೋಟ್‌ಬುಕ್ಕನ್ನು ತೆಗೆದುಕೊಂಡು ಪಂಚೆಯಲ್ಲಿ ಒರೆಸಿ ವಾಪಸ್ ಕೊಟ್ಟ. ಅಪ್ಪಣೆ ಇಲ್ಲದೆ ಹಚ್ಚಿದ್ದಕ್ಕೆ ಏನಾಗಬಹುದು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ವರದಿಯಲ್ಲಿ ಗಂಟೆಯ ಕೆಳಗೆ ನನ್ನ ದುಂಡು ಅಕ್ಷರದಲ್ಲಿ ಬರೆದೆ: "ದೀಪದ ಆಳು ಚಿಕ್ಕವೆಂಕಟಪ್ಪ ಪಟ್ಟಿಯನ್ನು ಮೀರಿ, ಯಾರ ಅಪ್ಪಣೆಯೂ ಇಲ್ಲದೆ ಹಚ್ಚಿದ ಆರುನೂರು ಗಂಟೆ ಇದರಲ್ಲಿ ಸೇರಿದೆ." ಮೋಡದ ದಿನ ಹಚ್ಚಿದ್ದು ಎಂದು ಬರೆದಿದ್ದರೂ ಸಾಕಿತ್ತು. ಹೆಸರು ಬೇಕಿರಲಿಲ್ಲ. ಅಪ್ಪಣೆ ಇಲ್ಲದೆ ಎಂಬುದೂ ಬೇಕಿರಲಿಲ್ಲ. ಬರೆಯುವಾಗ ಬೆಲ್ಲ ತಿಂದಷ್ಟು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ? ಸಾಹೇಬರು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಹೀಗೇ ಇರ್ಬೇಕಾ?" ಎಂದರು. "ಸತ್ಯ ಅಲ್ವಾ ಸಾರ್?" ಎಂದೆ. ನನ್ನನ್ನೇ ನೋಡುತ್ತಾ ಸಹಿ ಹಾಕಿದರು.

ಆಷಾಢದಲ್ಲಿ ಕಮಿಟಿ ಕೂತಿತು. ನೂರೈವತ್ತು ದೀಪಕ್ಕೆ ಎರಡು ಸಾವಿರದ ಏಳುನೂರು ರೂಪಾಯಿ ಪಾಸಾಯಿತು. ಅದರ ಜೊತೆಗೇ ಇನ್ನೊಂದು ಹುಕುಂ. ಅಪ್ಪಣೆ ಇಲ್ಲದೆ ದೀಪ ಹಚ್ಚಿದ ಆಳಿನಿಂದ ಕೀ ವಾಪಸ್ ಪಡೆಯತಕ್ಕದ್ದು, ಅವನನ್ನು ಬಜಾರಿನ ಸಾಲಿಗೆ ಏಣಿ ಹೊರಲು ಹಾಕತಕ್ಕದ್ದು, ಕೀ ಹೆಡ್ ಗುಮಾಸ್ತನ ವಶದಲ್ಲಿರತಕ್ಕದ್ದು, ಪಟ್ಟಿಯಂತೆಯೇ ದೀಪ ಹಚ್ಚತಕ್ಕದ್ದು. ಆ ಹೆಡ್ ಗುಮಾಸ್ತ ನಾನೇ. ಕುರ್ಚಿಯೂ ಸಿಕ್ಕಿತು, ಕೀಯೂ ಸಿಕ್ಕಿತು. ದಿನಾ ಸಂಜೆ ಹೊಸ ಆಳು ನನ್ನ ಮುಂದೆ ನಿಂತು ಕೀ ಕೇಳಬೇಕು, ಪಟ್ಟಿ ನೋಡಿ ನಾನು ಕೊಡಬೇಕು.

ಸಾಹೇಬರು ಮಾತ್ರ ಬಾಗಿಲು ಹಾಕಿ ನನ್ನನ್ನು ಚೆನ್ನಾಗಿ ಬೈದರು. "ಅರೆ, ಎಂಥ ಲೆಕ್ಕಾರೀ ನಿಮ್ದು? ಮೂರು ಸಾವಿರ ಗಂಟೆ ಅಂತ ಪಾಸ್ ಮಾಡ್ಸಿದ್ರಿ. ಮೋಡದ ದಿನ ಹಚ್ಚೋನನ್ನ ತೆಗೆಸಿಬಿಟ್ರಿ. ಇನ್ನು ಗಂಟೆ ಎಷ್ಟು? ಪಟ್ಟಿಯ ಎರಡು ಸಾವಿರದ ನಾನೂರೇ ತಾನೆ? ಅವನು ಹಚ್ತಾ ಇದ್ರೆ ಮಾತ್ರ ಈ ಅಂಕಿ ನಿಲ್ಲುತ್ತೆ ಅಂತ ಒಂದು ಸಾಲು ಯಾಕೆ ಬರೀಲಿಲ್ಲ? ನಾನೂ ಅದನ್ನ ಕೇಳದೇ ಸಹಿ ಹಾಕಿಬಿಟ್ಟೆ, ನನ್ನದೂ ತಪ್ಪೇ. ಮೋಡದ ದಿನಕ್ಕೆ ಅಪ್ಪಣೆ ಕೊಡಿ ಅಂತ ಕಮಿಟಿಗೆ ಬರೀತೀನಿ, ಅದು ಬರೋಕೆ ತಿಂಗಳುಗಟ್ಟಲೆ ಆಗುತ್ತೆ. ವರ್ಷ ಆದ್ಮೇಲೆ ಗಂಟೆ ತಾಳೆ ನೋಡ್ತೀನಿ. ಆವಾಗ ಕಮಿಟಿ ಮುಂದೆ ನೀವೇ ನಿಂತ್ಕೊಳ್ಳಿ."

ನಾನು ನಿಂತೇ ಇದ್ದೆ. ಕುರ್ಚಿ ಇದ್ದದ್ದು ನನ್ನ ಕೋಣೆಯಲ್ಲಿ, ಅವರ ಕೋಣೆಯಲ್ಲಲ್ಲ.

ಚಿಕ್ಕವೆಂಕಟಪ್ಪ ಕೀ ತಂದು ಮೇಜಿನ ಮೇಲಿಟ್ಟ ದಿನ ನಾನು ಕಾದಿದ್ದೆ. ಬೈಯಲಿ, ಅಳಲಿ, ಕೈ ಮುಗಿಯಲಿ, ಏನಾದರೂ ಮಾಡಲಿ ಎಂದು. ಅವನು, "ಕೆರೆ ಕಡೆ ಪೆಟ್ಟಿಗೆ ಹಿಡಿ ಕಚ್ಕೊಂತದೆ ಗುಮಾಸ್ತ್ರೇ. ಒಂಚೂರು ಎತ್ತಿ ಆಮೇಲೆ ಎಳೀಬೇಕು," ಎಂದಷ್ಟೇ ಹೇಳಿ ಹೋದ. ಹಾಳಾದವನು, ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ನೆಮ್ಮದಿ ಕೊಡಲಿಲ್ಲ.

ಹೊಸ ಬಿಳಿ ಬುಟ್ಟಿಗಳು ಬಂದವು. ಬೆಳಕು ನೆಲಕ್ಕೆ ಚೆನ್ನಾಗಿ ಬೀಳುತ್ತಿತ್ತು. ಅಮ್ಮನಿಗೆ ಹೇಳಿದೆ, "ನೋಡಿದ್ಯಾ, ನಾನು ತರಿಸಿದ ದೀಪ!" ಅಮ್ಮ, "ಚೆನ್ನಾಗವೆ ಕಣಪ್ಪ. ಚಿಕ್ಕವೆಂಕಟಪ್ಪನ್ನ ಯಾಕೆ ಬಜಾರಿಗೆ ಹಾಕವ್ರೆ?" ಎಂದಳು. ನಾನು ಎದ್ದುಹೋದೆ.

ಭಾದ್ರಪದದ ಹುಣ್ಣಿಮೆ ಬಂತು. ಮಧ್ಯಾಹ್ನದಿಂದಲೇ ಆಕಾಶ ಕಪ್ಪಿಟ್ಟುಕೊಂಡಿತ್ತು. ಪಟ್ಟಿಯಲ್ಲಿ ಹಚ್ಚುವಂತಿಲ್ಲ ಎಂದಿತ್ತು. ಹೊಸ ಆಳು ಪಟ್ಟಿ ನೋಡಿ ಕೀ ಕೇಳದೇ ಮನೆಗೆ ಹೋದ. ಕೀ ನನ್ನ ಡ್ರಾಯರಿನಲ್ಲಿತ್ತು. ಆರೂವರೆಗೆ ಮನೆಗೆ ಹೊರಟವನು ಬಾಗಿಲಲ್ಲಿ ನಿಂತೆ. ಎದುರಿನ ಕಂಬವೂ ಕಾಣದಂಥ ಕತ್ತಲೆ, ಮೇಲೆ ಜಿನುಗು ಮಳೆ. ಒಂದು ಕಡೆ ನನ್ನ ಮೂರು ಸಾವಿರ ಗಂಟೆ, ವರ್ಷ ಕಳೆದ ಮೇಲೆ ಸಾಹೇಬರ ತಾಳೆ. ಇನ್ನೊಂದು ಕಡೆ ಕೆರೆಯ ದಾರಿಯಲ್ಲಿ ಬುಟ್ಟಿ ಹೊತ್ತು ಬರುವ ಅಮ್ಮ. ಯಾವುದು ನನ್ನನ್ನು ಒಳಕ್ಕೆ ತಿರುಗಿಸಿತೋ, ದೇವರಾಣೆ ಗೊತ್ತಿಲ್ಲ. ಡ್ರಾಯರು ತೆಗೆದು ಕೀಯನ್ನೂ, ವರದಿಯ ದಿನದಿಂದ ಅಲ್ಲೇ ಬಿದ್ದಿದ್ದ ಅವನ ನೋಟ್‌ಬುಕ್ಕನ್ನೂ ಜೇಬಿಗೆ ಹಾಕಿಕೊಂಡೆ.

ಕೆರೆಯ ಕಡೆಯ ಪೆಟ್ಟಿಗೆ ಹುಡುಕುವುದರೊಳಗೆ ಎರಡು ಸಲ ಮೊಣಕಾಲು ತರಚಿತು. ಹಿಡಿ ಎಳೆದೆ, ಬರಲಿಲ್ಲ. ಜಗ್ಗಿದೆ, ಬರಲಿಲ್ಲ. ದೂರದಲ್ಲಿ ಹೆಂಗಸರ ಮಾತು ಕೇಳಿಸಿತು. ಒಬ್ಬಳು, "ಎಲ್ಲಿ ಕಾಲಿಡ್ಲಿ, ಏನೂ ಕಾಣಂಗಿಲ್ವಲ್ಲ," ಎನ್ನುತ್ತಿದ್ದಳು. ಆಗ ನೆನಪಾಯಿತು. ಒಂಚೂರು ಎತ್ತಿ, ಆಮೇಲೆ ಎಳೆದೆ. ಸಾಲಿಗೆ ಸಾಲೇ ಹತ್ತಿಕೊಂಡಿತು.

ಬೆಳಕಿನಲ್ಲಿ ಅಮ್ಮ ಕಂಡಳು. ಕೊಚ್ಚೆಯ ಅಂಚಿನಲ್ಲಿ ಒಂದು ಕಾಲು ಎತ್ತಿಕೊಂಡು ನಿಂತಿದ್ದಳು. ಆ ಕಾಲನ್ನು ಪಕ್ಕದ ಒಣ ನೆಲದ ಮೇಲಿಟ್ಟಳು. ಬುಟ್ಟಿ ಸರಿಮಾಡಿಕೊಂಡು, ಕಂಬದ ಕಡೆ ಮುಖವೆತ್ತಿ ಎರಡೂ ಕೈ ಜೋಡಿಸಿದಳು.

"ಬಂದ್ಬಿಟ್ನಾ ನನ್ನಪ್ಪ! ನೋಡ್ರಮ್ಮ, ಚಿಕ್ಕವೆಂಕಟಪ್ಪ ಬಂದವ್ನೆ. ಅವ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು.

ನಾನು ಪೆಟ್ಟಿಗೆಯ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಅಮ್ಮಾ, ನಾನು ಕಣೇ, ನಿನ್ನ ಮಗ, ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಅವರು ದಾಟಿಹೋದ ಮೇಲೆ ಜೇಬಿನಿಂದ ಅವನ ನೋಟ್‌ಬುಕ್ ತೆಗೆದು, ಆ ದಿನದ ಸೊನ್ನೆ ಬರೆದು, ಮೇಲೆ ಅಡ್ಡ ಗೀಟು ಎಳೆದೆ. ಹಚ್ಚಿದ ಹೊತ್ತು ಏಳು ಗಂಟೆ ಹತ್ತು ನಿಮಿಷ ಎಂದು ಬರೆದೆ. ಹಚ್ಚಿದವನ ಹೆಸರು ಬರೆಯುವ ಜಾಗ ಆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.